ಕಾಜಾ ಅಂಗಡಿಯಲ್ಲಿ ಸಿಕ್ಕಿಬಿದ್ದ ಅಂಗಿಗಳು

"ಸಣ್ಣ ಮಕ್ಕಳ ಅಂಗಿ ಅಲ್ಲವೇ ಅಕ್ಕಾವರೇ, ಸ್ವಲ್ಪ ಕಡಿಮೆ ಹಾಕಿರಿ" ಎಂದು ಶಾಲೆಯ ಕಾರ್ಯದರ್ಶಿಗಳು ಹೇಳಿದಾಗ ನನಗೂ ಅದು ಸರಿಯೆನಿಸಿತ್ತು. ವಿಜಯಪುರದ ಹೊರವಲಯದ ಆ ಶಾಲೆಯಲ್ಲಿ ಒಂದರಿಂದ ಏಳನೆಯ ತರಗತಿಯವರೆಗೆ 180 ಮಕ್ಕಳು. ಪ್ರತಿಯೊಬ್ಬರಿಗೂ ಎರಡು ಜೊತೆ ಸಮವಸ್ತ್ರ. ಬಟ್ಟೆ ಶಾಲೆಯದು, ಹೊಲಿಗೆ ನನ್ನದು. ಅಂಗಿಗೆ 75 ರೂಪಾಯಿ ಎಂದು ಒಪ್ಪಿಕೊಂಡು ಬಂದೆ. ಜೂನ್ ಮುಗಿಯುವಾಗ ಲೆಕ್ಕ ಹಾಕಿದರೆ ಪ್ರತಿ ಅಂಗಿಗೂ ನಾನೇ ಕೈಯಿಂದ ಹಣ ಹಾಕಿದ್ದೆ.

ತಪ್ಪಿದ್ದದ್ದು "ಸಣ್ಣ" ಎಂಬ ಮಾತಿನಲ್ಲೇ. ಅಂಗಿ ಸಣ್ಣದಾದರೆ ಬಟ್ಟೆ ಕಡಿಮೆ ಹಿಡಿಯುತ್ತದೆ, ಹೊಲಿಗೆಯ ಕೆಲಸ ಕಡಿಮೆಯಾಗುವುದಿಲ್ಲ. 24ರ ಅಳತೆಗೂ 36ರ ಅಳತೆಗೂ ಒಂದೇ ಕಾಲರ್, ಒಂದೇ ಜೇಬು, ಎರಡು ತೋಳು, ಗುಂಡಿ ತೂರಿಸುವ ಆರು ಕಾಜಾ. ನಿಜ ಹೇಳಬೇಕೆಂದರೆ 24ರ ಕಾಲರಿನ ಮೂಲೆ ತಿರುವುವುದೇ ಹೆಚ್ಚು ಕಷ್ಟ, ಬೆರಳು ಹಿಡಿಯಲು ಜಾಗವಿರುವುದಿಲ್ಲ. ಆದ್ದರಿಂದ ಈಗ ನಾನು ದರವನ್ನು ಎರಡಾಗಿ ಬರೆಯುತ್ತೇನೆ. ಹೊಲಿಗೆಗೆ ಎಲ್ಲ ಅಳತೆಗೂ ಒಂದೇ ದರ. ಬಟ್ಟೆಯನ್ನು ನಾನೇ ತರಬೇಕಾದರೆ ಅದಕ್ಕೆ ಅಳತೆಯ ಪ್ರಕಾರ ಬೇರೆ ಬೇರೆ ದರ. 36 ಇಂಚು ಅಗಲದ ಬಟ್ಟೆಯಲ್ಲಿ 24ರ ಅರ್ಧ ತೋಳಿನ ಅಂಗಿ ಒಂದು ಮೀಟರಿನೊಳಗೆ ಮುಗಿಯುತ್ತದೆ, 36ರದು ಒಂದೂವರೆ ಮೀಟರ್ ದಾಟುತ್ತದೆ. ಎರಡನ್ನೂ ಒಂದೇ ದರದಲ್ಲಿ ಕಲಸಿದರೆ ದೊಡ್ಡ ಮಕ್ಕಳು ಹೆಚ್ಚಿರುವ ವರ್ಷ ನಾವು ಮುಳುಗುತ್ತೇವೆ.

ಎರಡನೆಯ ವರ್ಷ ದರ ಹೇಳುವ ಮೊದಲು ಒಂದು ಅಂಗಿಯನ್ನು ನಾನೇ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ, ಚೀಲಕ್ಕೆ ಹಾಕುವವರೆಗಿನ ಖರ್ಚನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ಹೊಲಿಯುವವರ ಕೂಲಿ 45 ರೂಪಾಯಿ. ಮೊದಲ ವರ್ಷ ಇದಕ್ಕೆ ದಾರ, ಕ್ಯಾನ್ವಾಸ್ ಮತ್ತು ಕತ್ತರಿಸುವ ಕೂಲಿ ಸೇರಿಸಿ, ಮೇಲೆ ನನ್ನ ಲಾಭ ಇಟ್ಟು ಸುಮ್ಮನಾಗಿದ್ದೆ. ಲೆಕ್ಕದಿಂದ ಬಿಟ್ಟುಹೋಗಿದ್ದವು ಕಾಜಾ ಮತ್ತು ಗುಂಡಿ, ಓವರ್‌ಲಾಕ್, ಇಸ್ತ್ರಿ, ಮಳಿಗೆಯ ಬಾಡಿಗೆ, ವಿದ್ಯುತ್. ಒಂದೊಂದೂ ಐದು ಹತ್ತು ರೂಪಾಯಿಯ ಮಾತು, ಕೂಡಿಸಿದರೆ ಒಟ್ಟು 86 ಆಯಿತು. ಮೇಲೆ ನಾಲ್ಕು ರೂಪಾಯಿ ರಿಪೇರಿಗೆ, ಏಕೆಂದರೆ ಹಂಚಿದ ಮೇಲೆ ತೋಳು ಬಿಗಿ, ಉದ್ದ ಹೆಚ್ಚು ಎಂದು ಒಂದಷ್ಟು ಮರಳಿ ಬರುವುದು ಖಂಡಿತ. 90ರ ಮೇಲೆ 15 ಇಟ್ಟು 105 ಎಂದೆ. ಕಾರ್ಯದರ್ಶಿಗಳು ಸೊಲ್ಲಾಪುರದ ಸಿದ್ಧ ಉಡುಪಿನ ದರ ತೋರಿಸಿದರು. ಅಲ್ಲಿ ಸಾವಿರಗಟ್ಟಲೆ ಹೊಲಿಯುತ್ತಾರೆ, ಆ ದರ ನನಗೆ ಗಿಟ್ಟುವುದಿಲ್ಲ. "ಜೂನ್‌ನಲ್ಲಿ ಮಗುವಿಗೆ ಚಡ್ಡಿ ಬಿಗಿಯಾದರೆ ಸೊಲ್ಲಾಪುರಕ್ಕೆ ಕಳಿಸುತ್ತೀರಾ ಸರ್?" ಎಂದು ಕೇಳಿದೆ. ನಕ್ಕರು. 102ಕ್ಕೆ ಮುಗಿಯಿತು.

ಅಳತೆಗೆ ಟೇಪು ಹಿಡಿದು 180 ಮಕ್ಕಳ ಹಿಂದೆ ಓಡುವುದನ್ನು ಬಿಟ್ಟಿದ್ದೇನೆ. 22ರಿಂದ 36ರವರೆಗೆ ಎರಡೆರಡು ಇಂಚಿನ ಅಂತರದ ಮಾದರಿ ಅಂಗಿಗಳನ್ನು ಒಯ್ಯುತ್ತೇನೆ, ಮಗು ತೊಟ್ಟು ತೋರಿಸುತ್ತದೆ, ಹಾಜರಿ ಪಟ್ಟಿಯಲ್ಲಿ ಹೆಸರಿನ ಮುಂದೆ ಅಂಕಿ ಬೀಳುತ್ತದೆ. ಮಾರ್ಚ್‌ನಲ್ಲಿ ತೊಟ್ಟಾಗ ಸರಿಯಾಗಿ ಕೂತರೆ ಅದಕ್ಕಿಂತ ಒಂದು ಅಳತೆ ಮೇಲಿನದನ್ನು ಬರೆಯಬೇಕು. ಪಿನಾಫೋರ್ ಮತ್ತು ಪ್ಯಾಂಟಿನ ಕೆಳಗೆ ಮೂರು ಇಂಚು ಮಡಿಕೆ ಬಿಡುತ್ತೇನೆ, ತಾಯಂದಿರು ಮೊದಲು ನೋಡುವುದೇ ಅದನ್ನು.

ಆ ವರ್ಷ ಬಟ್ಟೆ ಏಪ್ರಿಲ್ 20ಕ್ಕೆ ಬರಬೇಕಿತ್ತು, ಬಂದದ್ದು ಮೇ 6ಕ್ಕೆ. ಶಾಲೆ ತೆರೆಯುವುದು ತಿಂಗಳ ಕೊನೆಗೆ. ನನ್ನ ಮಳಿಗೆಯಲ್ಲಿ ಮೂರು ಯಂತ್ರ, ಮನೆಯಲ್ಲೇ ಹೊಲಿಯುವ ಹೆಂಗಸರು ಇಬ್ಬರು. ಕಾಗದದ ಮೇಲೆ ಐದು ಜನ, ಆದರೆ ಮೇ ತಿಂಗಳು ಮದುವೆಯ ಸುಗ್ಗಿ. ಆ ಇಬ್ಬರ ಮನೆಯಲ್ಲೂ ಕುಪ್ಪಸಗಳ ರಾಶಿ ಬಿದ್ದಿರುತ್ತದೆ, ಒಂದು ಕುಪ್ಪಸಕ್ಕೆ ಸಿಗುವುದು ನನ್ನ ಮೂರು ಅಂಗಿಯ ಕೂಲಿಗಿಂತ ಹೆಚ್ಚು. ಅವರನ್ನು ದೂರುವಂತಿಲ್ಲ. ಹಾಗಾಗಿ ಮೂರೇ ಜನರನ್ನು ಹಿಡಿದು ಲೆಕ್ಕ ಹಾಕಿದೆ: ಒಬ್ಬರಿಗೆ ದಿನಕ್ಕೆ ಆರು ಅಂಗಿ, ಇಲ್ಲವೇ ಏಳು ಚಡ್ಡಿ ಅಥವಾ ಪಿನಾಫೋರ್. ಎರಡೂ ಜೊತೆಗೆ 38 ದಿನ ಬೇಕು, ಒಂದು ಜೊತೆಗೆ 19 ದಿನ. ಮರುದಿನವೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯವರಿಗೆ, "ಮೇಡಂ, ಶಾಲೆ ತೆರೆಯುವ ದಿನ ಎಲ್ಲ ಮಕ್ಕಳ ಮೈಮೇಲೆ ಒಂದೊಂದು ಜೊತೆ ಇರುತ್ತದೆ. ಎರಡನೆಯದು ಜೂನ್ 20ಕ್ಕೆ" ಎಂದು ಬರೆದುಕೊಟ್ಟೆ. ತಡವಾಗಿ ಹೇಳಿದ್ದರೆ ನೆಪವೆನ್ನುತ್ತಿದ್ದರು. ಬಟ್ಟೆ ಬಂದ ಮರುದಿನವೇ ಹೇಳಿದ್ದರಿಂದ ಅದು ಒಪ್ಪಂದವಾಯಿತು.

ಕತ್ತರಿಸುವಾಗ ಆದ ಒಂದು ಎಡವಟ್ಟನ್ನೂ ಹೇಳಬೇಕು. ತಿಳಿನೀಲಿ ಬಟ್ಟೆಯ ಎರಡು ಥಾನುಗಳು ಬೇರೆ ಬೇರೆ ಸಲ ಬಣ್ಣ ಹಾಕಿದವು. ಟ್ಯೂಬ್‌ಲೈಟಿನ ಕೆಳಗೆ ವ್ಯತ್ಯಾಸವೇ ಕಾಣಲಿಲ್ಲ. ಒಂದರ ಮೈ, ಇನ್ನೊಂದರ ತೋಳು ಸೇರಿ ಹೋದವು. ಹನ್ನೊಂದು ಅಂಗಿ ಹೊಲಿದಾದ ಮೇಲೆ, ಒಂದನ್ನು ಕೈಯಲ್ಲಿ ಹಿಡಿದು ಚಹಾ ಕುಡಿಯಲು ಹೊರಗೆ ಬಂದ ಹುಡುಗಿ ಬಿಸಿಲಿನಲ್ಲಿ ಅದನ್ನು ಕಂಡು ಕೂಗಿದಳು. ಹನ್ನೊಂದರ ತೋಳನ್ನೂ ಬಿಚ್ಚಿದೆವು. ಈಗ ಪ್ರತಿ ಥಾನಿನ ತುಣುಕನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿಯೇ ಹಾಸುತ್ತೇನೆ. ಪ್ರತಿ ಪದರಕ್ಕೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುತ್ತೇವೆ, ಏಳನೆಯ ಪದರದ ಮೈಗೆ ಏಳನೆಯ ಪದರದ ತೋಳೇ ಸೇರಬೇಕು.

ಆದರೂ ನನ್ನನ್ನು ನಿಜವಾಗಿ ಕಾಡಿದ್ದು ಹೊಲಿಗೆಯಲ್ಲ, ಕಾಜಾ. 360 ಅಂಗಿಗೆ 2160 ಕಾಜಾ. ನಮ್ಮ ಕಡೆ ಕಾಜಾ ಯಂತ್ರವಿರುವ ಅಂಗಡಿ ಒಂದೇ, ಅಲ್ಲಿಗೆ ಸುತ್ತಲಿನ ಎಲ್ಲ ದರ್ಜಿಗಳ ಗಂಟುಗಳೂ ಬರುತ್ತವೆ. ಮೊದಲ ವರ್ಷ ಎಲ್ಲ ಅಂಗಿ ಮುಗಿದ ಮೇಲೆ ಒಟ್ಟಿಗೆ ಒಯ್ದಿದ್ದೆ. ನನ್ನ ಮುಂದೆ ಇನ್ನೆರಡು ಶಾಲೆಗಳ ಮೂಟೆ. ಅಂಗಡಿಯ ಚಾಚಾ ಮೂಟೆಗಳತ್ತ ಕೈ ತೋರಿಸಿ, "ನಾಲ್ಕು ದಿನ ಬಿಟ್ಟು ಬಾ ಬೇಟಿ" ಎಂದರು. ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋದರೆ ನಾಲ್ಕು ಆರಾಗುತ್ತದೆ. ಈಗ ಕಾಜಾ ಬೀಳುವ ಮುಂಭಾಗದ ಪಟ್ಟಿ ಮತ್ತು ಕಾಲರ್ ಜೋಡಿಸುವುದನ್ನು ಮೊದಲು ಮುಗಿಸಿ, 60 ಅಂಗಿ ಆದೊಡನೆ ಕಳಿಸುತ್ತೇನೆ. ಅಲ್ಲಿ ಕಾಜಾ ಆಗುತ್ತಿರುವಾಗ ಇಲ್ಲಿ ಮುಂದಿನ 60 ಯಂತ್ರದ ಮೇಲಿರುತ್ತದೆ. ಮರಳಿ ಬಂದದ್ದಕ್ಕೆ ಪಕ್ಕದ ಹೊಲಿಗೆ, ಗುಂಡಿ, ಇಸ್ತ್ರಿ. ಆ ಮೇ ತಿಂಗಳು ಮೊದಲ ಜೊತೆಯ ಕಾಜಾ 24ಕ್ಕೆ ಮುಗಿದಿತ್ತು, 27ರ ರಾತ್ರಿ ತರಗತಿವಾರು ಗಂಟು ಕಟ್ಟಿದೆವು.

ಹಣದ ಮಾತು ಚಿಕ್ಕದು. ಅರ್ಧ ಮುಂಗಡ, ಮೊದಲ ಜೊತೆ ಇಳಿಸಿದ ದಿನ ಶೇಕಡಾ 30, ರಿಪೇರಿ ಮುಗಿದ ಮೇಲೆ ಉಳಿದದ್ದು. ಶಾಲೆಗೆ ಶುಲ್ಕ ಬರುವುದೇ ಜೂನ್‌ನಲ್ಲಿ, ಆದ್ದರಿಂದ ಆ ಕೊನೆಯ ಪಾಲು ಜುಲೈವರೆಗೆ ಎಳೆಯುತ್ತದೆ ಎಂದುಕೊಂಡೇ ಕೂಲಿ ಹಣವನ್ನು ಬೇರೆ ಎತ್ತಿಡುತ್ತೇನೆ.

ಹೊಸದಾಗಿ ಸೇರುವ ಮಕ್ಕಳಿಗೆಂದು 24, 26, 28ರಲ್ಲಿ ಆರಾರು ಅಂಗಿ ಹೆಚ್ಚಿಗೆ ಕತ್ತರಿಸಿ, ಹೊಲಿಯದೆ ಗಂಟು ಕಟ್ಟಿಟ್ಟಿರುತ್ತೇನೆ. ಆ ವರ್ಷ ಜೂನ್ ಎರಡನೆಯ ವಾರ ಶಾಲೆಯಿಂದ ಫೋನ್ ಬಂತು: ಒಂದನೆಯ ತರಗತಿಗೆ ಏಳು ಮಕ್ಕಳು, ಐದನೆಯದಕ್ಕೆ ಒಬ್ಬ. ಏಳಕ್ಕೆ ಗಂಟು ಬಿಚ್ಚಿದೆ. ಐದನೆಯ ತರಗತಿಯವನ ಅಳತೆ 34, ಅವನ ಅಂಗಿಗೆ ಬಟ್ಟೆಯೇ ಉಳಿದಿರಲಿಲ್ಲ.