ಮುತ್ತಿನಂಥ ಗುಳ್ಳೆ ಕೆಂಪಾದಾಗ ಏನು ಮಾಡಬೇಕು?

ಮಗುವಿಗೆ ಸ್ನಾನ ಮಾಡಿಸುವಾಗ ಅಮ್ಮನ ಕಣ್ಣಿಗೆ ಬೀಳುತ್ತದೆ. ತೊಡೆಸಂದಿಯಲ್ಲಿ, ಮೂತ್ರ ಮಾಡುವ ಜಾಗದ ಪಕ್ಕದಲ್ಲಿ, ಬೆಂದ ಸಬ್ಬಕ್ಕಿಯ ಹಾಗೆ ಹೊಳೆಯುವ ನಾಲ್ಕೈದು ಗುಳ್ಳೆ. ನೋವಿಲ್ಲ, ಜ್ವರವಿಲ್ಲ. ಇದು ಮೊಲಸ್ಕಮ್ ಕಂಟೇಜಿಯೋಸಮ್. ಚರ್ಮದ ಮೇಲ್ಪದರದಲ್ಲಷ್ಟೇ ಬೆಳೆಯುವ ಒಂದು ವೈರಸ್‌ನಿಂದ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಆದರೆ ಚರ್ಮರೋಗದ ಓಪಿಡಿಯಲ್ಲಿ ಕೂತು ನಾನು ನೋಡಿರುವುದು, ಗುಳ್ಳೆಯಿಂದ ಆದ ತೊಂದರೆಗಿಂತ ಮನೆಮದ್ದಿನಿಂದ ಆದ ಗಾಯಗಳನ್ನೇ ಜಾಸ್ತಿ.

ಮೊದಲು ಗುರುತು ಹಿಡಿಯಿರಿ. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಗುಳ್ಳೆ ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಇರುತ್ತದೆ, ನಯವಾಗಿರುತ್ತದೆ, ನಡುವೆ ಸಣ್ಣ ಕುಳಿ ಇರುತ್ತದೆ. ನರಹುಲಿಯಾದರೆ ಒರಟು. ಹರ್ಪಿಸ್ ಆದರೆ ಉರಿಯುವ ನೀರುಗುಳ್ಳೆ. ರಾತ್ರಿ ಹೊತ್ತು ಮನೆಮಂದಿಗೆಲ್ಲ ತುರಿಕೆಯಾದರೆ ಕಜ್ಜಿ ಇರಬಹುದು. ಅನುಮಾನ ಇದ್ದರೆ ವೈದ್ಯರಿಗೆ ತೋರಿಸಿ.

ಮಗುವಿಗೆ ಆ ಜಾಗದಲ್ಲಿ ಬಂದಿದೆ ಅಂದ ಕೂಡಲೇ ಮನಸ್ಸು ಎಲ್ಲೆಲ್ಲಿಗೋ ಓಡುತ್ತದೆ. ಹೆಚ್ಚಿನ ಸಲ ಮಗು ಹೊಟ್ಟೆಯ ಮೇಲಿನ ಗುಳ್ಳೆ ಕೆರೆದ ಕೈಯಿಂದಲೇ ಅಲ್ಲಿಗೂ ದಾಟಿಸಿಕೊಂಡಿರುತ್ತದೆ, ಇಲ್ಲವೇ ಒಂದೇ ಟವಲ್ ಬಳಸಿ ಬಂದಿರುತ್ತದೆ. ಹಾಗಾಗಿ ಮೈಯೆಲ್ಲ ನೋಡಿ. ಆದರೆ ಮಗು ಯಾರ ಬಗ್ಗೆಯಾದರೂ ಏನಾದರೂ ಹೇಳಿದರೆ, ಅಥವಾ ಅಲ್ಲಿ ಗಾಯ, ರಕ್ತ, ಸ್ರಾವ ಕಂಡರೆ, ಗದರಿಸದೆ ಕೇಳಿಸಿಕೊಳ್ಳಿ. ವೈದ್ಯರಿಗೆ ತಿಳಿಸಿ. 1098 ಮಕ್ಕಳ ಸಹಾಯವಾಣಿಯೂ ಇದೆ.

ಇನ್ನು ಕೈ ಹಾಕಬೇಡಿ. ಒಳಗಿರುವ ಬಿಳಿ ಗಟ್ಟಿ ತಿರುಳಿನಲ್ಲೇ ವೈರಸ್ ತುಂಬಿರುತ್ತದೆ. ಹಿಸುಕಿದರೆ ಅದು ಪಕ್ಕದ ಚರ್ಮಕ್ಕೆ ಅಂಟಿ, ಕೆಲವು ವಾರ ಬಿಟ್ಟು ಹೊಸ ಗುಳ್ಳೆಗಳು ಏಳುತ್ತವೆ. ಸುಣ್ಣ ಹಚ್ಚಿದರೆ ಆ ಮೆತ್ತನೆ ಚರ್ಮ ಸುಡುತ್ತದೆ. ನರಹುಲಿಗೆ ಕೊಡುವ ಆಸಿಡ್ ಔಷಧಿಯೂ ಅಲ್ಲಿಗೆ ಬೇಡವೇ ಬೇಡ.

ಈಗ ಎಲ್ಲರೂ ಎಡವುವ ಹಂತ. ತಿಂಗಳುಗಟ್ಟಲೆ ಸುಮ್ನೆ ಇದ್ದ ಗುಳ್ಳೆ ಒಂದು ದಿನ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಕೀವಿನ ಮೊಡವೆ ಥರ ಕಾಣುತ್ತದೆ. ಐದು ವರ್ಷದ ಒಬ್ಬ ಹುಡುಗನಿಗೆ ಏಳನೇ ತಿಂಗಳಲ್ಲಿ ಹೀಗಾಯಿತು. ಸೋಂಕಾಗಿದೆ ಅಂದುಕೊಂಡು ತಾಯಿ ಮೆಡಿಕಲ್ ಶಾಪಿನಿಂದ ‘ಎಲ್ಲಕ್ಕೂ ಆಗುವ’ ಟ್ಯೂಬ್ ತಂದು ಹಚ್ಚಿದರು. ಎರಡು ದಿನದಲ್ಲಿ ಕೆಂಪು ಇಳಿಯಿತು. ಮೂರು ವಾರ ಹಚ್ಚಿದ ಮೇಲೆ ಆರು ಇದ್ದ ಗುಳ್ಳೆ ಇಪ್ಪತ್ತು ದಾಟಿತ್ತು, ಚರ್ಮ ತೆಳುವಾಗಿತ್ತು. ಆ ಟ್ಯೂಬಿನಲ್ಲಿ ತೀಕ್ಷ್ಣವಾದ ಸ್ಟೆರಾಯ್ಡ್ ಇತ್ತು. ಅಸಲಿಗೆ ಆ ಕೆಂಪು, ದೇಹ ವೈರಸ್ಸನ್ನು ಕಂಡುಹಿಡಿದು ಹೊಡೆಯಲು ಶುರುಮಾಡಿದ ಗುರುತು. ವಾಸಿಯಾಗುವ ಹೊತ್ತಿಗೇ ಆ ಹೋರಾಟವನ್ನು ಅಡಗಿಸಿದ ಹಾಗಾಯಿತು, ಅಲ್ವಾ?

ಹಾಗಾದರೆ ನಿಜವಾದ ಸೋಂಕು ಗೊತ್ತಾಗುವುದು ಹೇಗೆ? ಗುಳ್ಳೆಯ ಸುತ್ತ ಮಾತ್ರ ಕೆಂಪು, ಮಗು ಆಡಿಕೊಂಡಿದೆ ಅಂದರೆ ಕಾಯಿರಿ. ಒದ್ದೆ ತಣ್ಣನೆ ಬಟ್ಟೆ ಹತ್ತು ನಿಮಿಷ ಇಡಿ, ಮೇಲೆ ತೆಳ್ಳಗೆ ವ್ಯಾಸಲೀನ್, ಸಡಿಲ ಹತ್ತಿ ಚಡ್ಡಿ. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ. ಮರುದಿನಕ್ಕೆ ಕೆಂಪು ಗೆರೆ ದಾಟಿ ಹರಡಿದರೆ, ಮುಟ್ಟಿದರೆ ಮಗು ಚೀರಿದರೆ, ಕೀವು ಸೋರಿದರೆ, ಜ್ವರ ಬಂದರೆ ಅವತ್ತೇ ವೈದ್ಯರ ಹತ್ತಿರ ಹೋಗಿ.

ಎಲ್ಲ ಒಟ್ಟಿಗೆ ಹೋಗುವುದಿಲ್ಲ. ಹಳೆಯದು ಉದುರುವಾಗ ಹೊಸದು ಏಳುತ್ತಿರುತ್ತದೆ. ಹೆಚ್ಚಿನವರಲ್ಲಿ 6ರಿಂದ 18 ತಿಂಗಳು, ಕೆಲವರಲ್ಲಿ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಬೇರೆ ಟವಲ್, ಕತ್ತರಿಸಿದ ಉಗುರು. ಶಾಲೆ ಬಿಡಿಸಬೇಕಿಲ್ಲ. ಪುಟ್ಟ ಮಕ್ಕಳಿಗೆ ಆ ಜಾಗದಲ್ಲಿ ಕೆರೆದು ತೆಗೆಸುವುದನ್ನು ನಾನು ಒಪ್ಪುವುದಿಲ್ಲ. ನೋವಿನ ನೆನಪು ಗುಳ್ಳೆಗಿಂತ ಹೆಚ್ಚು ಕಾಲ ಉಳಿಯುತ್ತದೆ.

ದೊಡ್ಡವರ ಲೆಕ್ಕ ಬೇರೆ. ಅವರಿಗೆ ಗುಪ್ತಾಂಗದ ಸುತ್ತ ಬಂದರೆ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ. ಕಾಂಡೋಮ್ ಮುಚ್ಚದ ಚರ್ಮದಿಂದಲೂ ಅಂಟುತ್ತದೆ, ಆದ್ದರಿಂದ ಗುಳ್ಳೆ ಇರುವವರೆಗೆ ಸಂಪರ್ಕ ಬೇಡ. ಆ ಜಾಗದ ಶೇವಿಂಗ್ ಇವತ್ತೇ ನಿಲ್ಲಿಸಿ. ರೇಜರ್ ಎಳೆದ ದಾರಿಯಲ್ಲೇ ಗುಳ್ಳೆ ಸಾಲುಗಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ದೊಡ್ಡವರು ತೆಗೆಸಿಕೊಳ್ಳುವುದೇ ವಾಸಿ. ವೈದ್ಯರು ದ್ರವ ಸಾರಜನಕದಿಂದ ತಣ್ಣಗೆ ಸುಡುತ್ತಾರೆ, ಇಲ್ಲವೇ ಮರಗಟ್ಟಿಸಿ ಕೆರೆದು ತೆಗೆಯುತ್ತಾರೆ. ಜೊತೆಗೆ ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆ ಮಾಡಿಸಿ. ಗುಳ್ಳೆ ಬಟಾಣಿಗಿಂತ ದೊಡ್ಡದಾದರೆ, ಮುಖಕ್ಕೂ ಹಬ್ಬಿದರೆ, ಆ ಪರೀಕ್ಷೆಯನ್ನು ಮುಂದೂಡಲೇಬೇಡಿ.

ಕೊನೆಯ ಗುಳ್ಳೆ ಹೋದ ಮೇಲೆ ಈ ವೈರಸ್ ಹರ್ಪಿಸ್‌ನಂತೆ ಮೈಯಲ್ಲಿ ಅಡಗಿ ಕೂರುವುದಿಲ್ಲ. ಮತ್ತೆ ಬಂದರೆ ಅದು ಹೊಸದಾಗಿ ಅಂಟಿದ್ದು. ಮಗುವಿನ ಟವಲ್ಲನ್ನು ಆಮೇಲೂ ಬೇರೆ ಇಟ್ಟರೆ ಒಳ್ಳೆಯದು.