ಜಪಾನೀಯರು ಹೊಗಳಿದಾಗ ನಾನು ಉತ್ತರಿಸುವ ಬಗೆ

"ನಿಹೊಂಗೊ, ಒಜೋಜು ದೆಸ್ ನೆ." ನಿಮ್ಮ ಜಪಾನೀಸ್ ಚೆನ್ನಾಗಿದೆ ಎಂದರ್ಥ. ಜಪಾನಿನಲ್ಲಿ ಹೊಸಬರೊಡನೆ ನಾಲ್ಕು ಮಾತಾಡುವಷ್ಟರಲ್ಲಿ ಈ ವಾಕ್ಯ ಕಿವಿಗೆ ಬೀಳುತ್ತದೆ. ಇದು ಭಾಷೆಯ ಪರೀಕ್ಷೆಯ ಫಲಿತಾಂಶವಲ್ಲ, ಪರಿಚಯದ ಬಾಗಿಲು ತೆರೆಯುವ ಮಾತು. ಹಾಗಾಗಿ ಉತ್ತರವೂ ನಮ್ಮ ಜಪಾನೀಸ್ ಎಷ್ಟು ಚೆನ್ನಾಗಿದೆ ಎಂಬುದರ ಬಗ್ಗೆ ಇರಬೇಕಾಗಿಲ್ಲ.

ನಾನು ಹೇಳುವುದು ಇಷ್ಟು: "ಇಯೆ ಇಯೆ, ಮದ ಮದ ದೆಸ್. ದೆಮೊ, ಅರಿಗತೋ ಗೊಜೈಮಸ್." ಅಯ್ಯೋ ಇಲ್ಲ, ಇನ್ನೂ ಕಲಿಯುವುದು ಬಹಳ ಇದೆ, ಆದರೂ ಥ್ಯಾಂಕ್ಸ್. ಇದರಲ್ಲಿ ಮೂರು ಕೆಲಸ ಆಗುತ್ತದೆ. ಮೊದಲ ತುಂಡು ಹೊಗಳಿಕೆಯನ್ನು ಮೆಲ್ಲಗೆ ತಳ್ಳುತ್ತದೆ, ಎರಡನೆಯದು ತಳ್ಳಿದ್ದಕ್ಕೆ ಕಾರಣ ಕೊಡುತ್ತದೆ, ಮೂರನೆಯದು ಹೊಗಳಿದವರ ಒಳ್ಳೆಯ ಮನಸ್ಸನ್ನು ಒಪ್ಪಿಕೊಳ್ಳುತ್ತದೆ. ಹಳೆಯ ಪಠ್ಯಪುಸ್ತಕಗಳು ಮೊದಲ ಎರಡಕ್ಕೇ ನಿಲ್ಲುತ್ತವೆ. ಮೂರನೆಯದು ಇಲ್ಲದಿದ್ದರೆ ಮಾತು ಸ್ವಲ್ಪ ಒಣಗಿದಂತೆ ಕೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಉಚ್ಚಾರಣೆಯ ಮೇಲೆ ಇಲ್ಲಿ ಬಹಳ ನಿಂತಿದೆ. ನಿಘಂಟಿನಲ್ಲಿ 'ಇಲ್ಲ' ಎಂಬುದಕ್ಕೆ ಸಿಗುವ ಪದ 'ಈಯೆ', ಮೊದಲ ಸ್ವರ ದೀರ್ಘ. ಅದನ್ನು ಒಂದೇ ಸಲ ಬಿಗಿಯಾಗಿ ಹೇಳಿದರೆ ನೀವು ಹೇಳಿದ್ದು ತಪ್ಪು ಎಂದು ತಿದ್ದಿದ ಹಾಗಾಗುತ್ತದೆ. ಹೊಗಳಿಕೆಗೆ ಬೇಕಾದದ್ದು 'ಇಯೆ ಇಯೆ', ಎರಡೂ ಹ್ರಸ್ವ, ಒಂದರ ಬೆನ್ನಿಗೆ ಒಂದು, ಧ್ವನಿ ತಗ್ಗಿಸಿ, ನಗುಮುಖದಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘ ಅರ್ಥವನ್ನೇ ಬದಲಿಸುವುದರಿಂದ ನಮ್ಮ ಕಿವಿಗೆ ಈ ವ್ಯತ್ಯಾಸ ಬೇಗ ಸಿಗುತ್ತದೆ. ಇದರ ಜೊತೆಗೆ ಅಂಗೈಯನ್ನು ಲಂಬವಾಗಿ ಮುಖದ ಮುಂದೆ ಹಿಡಿದು ಎರಡು ಮೂರು ಸಲ ಅಲ್ಲಾಡಿಸುವುದು ಅಲ್ಲಿನ ರೂಢಿ. ನಮ್ಮ ಕಣ್ಣಿಗೆ ನೊಣ ಓಡಿಸಿದಂತೆ ಕಂಡರೂ ಅಲ್ಲಿ ಅದರರ್ಥ 'ಅಷ್ಟೆಲ್ಲ ಏನಿಲ್ಲ' ಎಂದು.

ಇನ್ನೊಂದು ಸಣ್ಣ ಅಕ್ಷರದ ಬಗ್ಗೆ ಎಚ್ಚರ ಬೇಕು. 'ಮದ ಮದ ದೆಸ್' ಎಂದರೆ ನನ್ನದು ಇನ್ನೂ ಸಾಲದು. ಕೊನೆಗೆ 'ನೆ' ಸೇರಿಸಿ, ಎದುರಿನವರತ್ತ ನೋಡುತ್ತಾ 'ಮದ ಮದ ದೆಸ್ ನೆ' ಎಂದರೆ ನಿಮ್ಮದು ಇನ್ನೂ ಸಾಲದು ಎಂಬ ಟೀಕೆಯಾಗಿ ಕೇಳಬಹುದು. ಹಾಗೆಯೇ 'ಒಜೋಜು' ಎಂಬುದರ ಮೊದಲಿನ 'ಒ' ಗೌರವಸೂಚಕ. ಅದು ಪರರಿಗೆ ಮೀಸಲು. 'ಒ' ತೆಗೆದರೂ 'ಜೋಜು' ಎಂದು ತನ್ನನ್ನೇ ಹೇಳಿಕೊಳ್ಳುವುದು ಹೊಂದುವುದಿಲ್ಲ. ಅಡುಗೆ ಚೆನ್ನಾಗಿ ಮಾಡುತ್ತೀರಂತೆ ಎಂದರೆ ನಾನು "ರ್ಯೋರಿ ವ ಸುಕಿ ದೆಸ್", ಅಡುಗೆ ಅಂದರೆ ಇಷ್ಟ, ಎನ್ನುತ್ತೇನೆ. ಇಷ್ಟ ಎನ್ನುವುದರಲ್ಲಿ ಜಂಬ ಇಲ್ಲ.

ಕನ್ನಡಿಗರ ಬಾಯಲ್ಲಿ ಬರುವ ತಪ್ಪು ಒಂದಿದೆ. 'ಪರವಾಗಿಲ್ಲ' ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು 'ದೈಜೋಬು ದೆಸ್' ಎನ್ನುವುದು. ಅದು ತೊಂದರೆಯಿಲ್ಲ ಅಥವಾ ಬೇಡ ಎಂಬ ಅರ್ಥದ ಮಾತು, ಹೊಗಳಿಕೆಗೆ ಅಂಟುವುದೇ ಇಲ್ಲ. ಇನ್ನೊಂದು, ಜಪಾನೀಸ್ ಭಾಷಾ ಪರೀಕ್ಷೆ ಪಾಸು ಮಾಡಿದವರದು: ಹೊಗಳಿದ ಕೂಡಲೇ "ಹೈ", ಅಂದರೆ ಹೌದು, ಎಂದು ಆ ಪರೀಕ್ಷೆಯ ಎನ್2 ಹಂತ ಪಾಸಾದದ್ದನ್ನು ಹೇಳಿಬಿಡುವುದು. ಅದೇ ವಿಷಯವನ್ನು ಅವರು ಎಷ್ಟು ವರ್ಷ ಕಲಿತಿರಿ ಎಂದು ಕೇಳಿದ ಮೇಲೆ ಹೇಳಿದರೆ ಏನೂ ತಪ್ಪಿಲ್ಲ. ನಿಜಕ್ಕೂ ಆ ಪ್ರಶ್ನೆ ಸಾಮಾನ್ಯವಾಗಿ ಮುಂದಿನ ವಾಕ್ಯದಲ್ಲೇ ಬರುತ್ತದೆ, ಕಾಯಬೇಕಷ್ಟೆ.

ಎಷ್ಟು ಸಲ ನಿರಾಕರಿಸಬೇಕು? ಒಂದೇ ಸಲ. ನೀವು ಇಲ್ಲ ಎಂದ ಮೇಲೆ ಅವರು "ಇಯ ಇಯ, ಹೊಂತೋನಿ", ಇಲ್ಲ, ನಿಜವಾಗಿ ಹೇಳುತ್ತಿದ್ದೇನೆ, ಎನ್ನುತ್ತಾರೆ. ಅಲ್ಲಿ ಒಪ್ಪಿಕೊಂಡುಬಿಡಬೇಕು: "ಸೋ ಇತ್ತೆ ಇತದಕೆರು ತೊ ಉರೆಶೀ ದೆಸ್." ನೀವು ಹಾಗಂದದ್ದು ಸಂತೋಷ. ಈ ವಾಕ್ಯ ನನಗೆ ಬಹಳ ಇಷ್ಟ, ಏಕೆಂದರೆ ಇದು ಹೊಗಳಿಕೆ ನಿಜ ಎನ್ನುವುದೂ ಇಲ್ಲ, ಸುಳ್ಳು ಎನ್ನುವುದೂ ಇಲ್ಲ. ಅವರು ಆಡಿದ ಮಾತಿನಿಂದ ನನಗಾದ ಸಂತೋಷವನ್ನಷ್ಟೇ ಹೇಳುತ್ತದೆ. ಎರಡನೆಯ ಸಲವೂ ನಿರಾಕರಿಸಿದರೆ ಹೊಗಳಿದವರು ಮೂರನೆಯ ಸಲ ವಾದಿಸಬೇಕಾಗುತ್ತದೆ. ಅವರು ನಗು ನಿಲ್ಲಿಸಿ ವಿಷಯ ಬದಲಿಸಿದರೆ ನಿರಾಕರಣೆ ಅತಿಯಾಯಿತೆಂದು ತಿಳಿಯಿರಿ. "ಅ, ಸೋ ದೆಸ್ ಕ", ಓ ಹೌದಾ, ಎಂದು ಚಪ್ಪಟೆ ಧ್ವನಿಯಲ್ಲಿ ತಲೆಯಾಡಿಸಿದರೆ ಒಪ್ಪಿಕೊಂಡದ್ದು ಅತಿಯಾಗಿರಬಹುದು.

ಕಚೇರಿಯಲ್ಲಿ ಲೆಕ್ಕ ಬೇರೆ. ವಿಭಾಗದ ಮುಖ್ಯಸ್ಥರು, ಅಂದರೆ ಕಚೋ, ನೀವು ಮಾಡಿದ ದಾಖಲೆ ನೋಡಿ "ಕೊನೊ ಶಿರ್ಯೋ, ವಕರಿಯಸುಕುತೆ ಯೊಕತ್ತ ದೆಸ್ ಯೊ" ಎನ್ನುತ್ತಾರೆ ಎಂದುಕೊಳ್ಳಿ. ಸುಲಭವಾಗಿ ಅರ್ಥವಾಗುವಂತಿತ್ತು, ಚೆನ್ನಾಗಿತ್ತು ಎಂದರ್ಥ. ಇಲ್ಲಿ 'ಮದ ಮದ' ಎನ್ನುವುದು ಒಳ್ಳೆಯದಲ್ಲ. ಅವರು ಹೇಳಿದ್ದು ಸೌಜನ್ಯದ ಮಾತಲ್ಲ, ಕೆಲಸದ ಮೌಲ್ಯಮಾಪನ. ಅದನ್ನು ತಳ್ಳಿದರೆ ಅವರ ತೀರ್ಮಾನವನ್ನೇ ತಳ್ಳಿದ ಹಾಗೆ. ಆದ್ದರಿಂದ ಮೊದಲು ಧನ್ಯವಾದ, ಆಮೇಲೆ ಶ್ರೇಯಸ್ಸನ್ನು ಹಂಚುವುದು: "ಅರಿಗತೋ ಗೊಜೈಮಸ್. ತನಕಾ ಸಾನ್ ನಿ ಮಿತೆ ಇತದೈತ ಒಕಗೆ ದೆಸ್." ತನಕಾ ಅವರು ನೋಡಿಕೊಟ್ಟದ್ದರಿಂದ ಆಯಿತು.

ಈ 'ಒಕಗೆ' ಎಂಬ ಪದದೊಳಗೆ 'ಕಗೆ', ಅಂದರೆ ನೆರಳು, ಇದೆ. 'ಎಲ್ಲಾ ನಿಮ್ಮ ಆಶೀರ್ವಾದ' ಎನ್ನುವ ನಮಗೆ ಇದರ ಭಾವ ಹೊಸದಲ್ಲ. ಆದರೆ ಆಶೀರ್ವಾದದ ಮಾತನ್ನು ನಾವು ಯಾರಿಗೆ ಬೇಕಾದರೂ ಹೇಳುತ್ತೇವೆ. ಕಚೇರಿಯಲ್ಲಿ ಒಕಗೆ ಹೇಳುವಾಗ ಸಹಾಯ ನಿಜವಾಗಿರಬೇಕು, ಹೆಸರು ಸರಿಯಾಗಿರಬೇಕು. ತನಕಾ ಅವರು ಆ ಹಾಳೆಯನ್ನು ನೋಡಿಯೇ ಇಲ್ಲದಿದ್ದರೆ ಪಕ್ಕದಲ್ಲಿ ಕೂತ ಅವರಿಗೇ ಮುಜುಗರ. ಯಾರೂ ನೆರವಾಗಿಲ್ಲದಿದ್ದರೆ ನಾನು "ಹಗೆಮಿ ನಿ ನರಿಮಸ್", ಹುರುಪು ಬಂತು, ಎಂದು ಮುಗಿಸುತ್ತೇನೆ. ಗ್ರಾಹಕರು ಕಂಪನಿಯ ಉತ್ಪನ್ನವನ್ನು ಹೊಗಳಿದಾಗಲೂ ಅಷ್ಟೆ, ಬರೀ ಧನ್ಯವಾದ. ತನ್ನ ಸರಕನ್ನು ತಾನೇ ಕಡಿಮೆ ಮಾಡಿ ಹೇಳುವುದು ವಿನಯವಲ್ಲ.

ಪ್ರತಿಹೊಗಳಿಕೆಯನ್ನು ನಾನು ಬಹುತೇಕ ಬಿಟ್ಟಿದ್ದೇನೆ. ಜಪಾನೀಸ್ ಕಲಿಸುವ ಶಿಕ್ಷಕಿಗೆ "ಸೆನ್‌ಸೆ ಮೊ ಒಜೋಜು ದೆಸ್ ನೆ", ಟೀಚರ್, ನಿಮ್ಮದೂ ಚೆನ್ನಾಗಿದೆ, ಎಂದರೆ ಅವರ ವೃತ್ತಿಯನ್ನೇ ನಾವು ಅಳೆದಂತಾಗುತ್ತದೆ. ಮೇಲಿನವರ ಕೌಶಲಕ್ಕೆ ಕೆಳಗಿನವರು ಅಂಕ ಕೊಡುವುದು ಅಲ್ಲಿ ಒಪ್ಪದ ಮಾತು. ಅದರ ಬದಲು "ಬೆಂಕ್ಯೋ ನಿ ನರಿಮಶಿತ", ನಿಮ್ಮಿಂದ ಕಲಿತೆ, ಎನ್ನಬಹುದು.

ಗೌರವ ಹೆಚ್ಚು ಬೇಕಾದಲ್ಲಿ 'ತೊಂದೆಮೊ ನೈ ದೆಸ್' ಅಥವಾ 'ತೊಂದೆಮೊ ಗೊಜೈಮಸೆನ್' ಎನ್ನುತ್ತಾರೆ, ಎರಡಕ್ಕೂ ಅರ್ಥ ಛೇ ಛೇ, ಅಂಥದ್ದೇನಿಲ್ಲ ಎಂದು. ಎರಡನೆಯದು ವ್ಯಾಕರಣದ ಪ್ರಕಾರ ತಪ್ಪು ಎಂದು ಹೇಳುವವರು ಈಗಲೂ ಇದ್ದಾರೆ, ಏಕೆಂದರೆ 'ತೊಂದೆಮೊನೈ' ಒಡೆಯಬಾರದ ಒಂದೇ ಪದ. ಆದರೆ ಜಪಾನಿನ ಸಂಸ್ಕೃತಿ ಮಂಡಳಿ 2007ರಲ್ಲಿ ಕೊಟ್ಟ ಗೌರವ ಭಾಷೆಯ ಮಾರ್ಗಸೂಚಿಯು ಹೊಗಳಿಕೆಯನ್ನು ಮೆಲ್ಲಗೆ ನಿರಾಕರಿಸುವಾಗ ಅದನ್ನು ಬಳಸಬಹುದು ಎಂದಿದೆ. ನಾನು ಹಿರಿಯ ಗ್ರಾಹಕರೊಡನೆ ಮಾತ್ರ ಬಳಸುತ್ತೇನೆ. ಇಮೇಲಿನಲ್ಲಿ ಹೊಗಳಿದರೆ 'ಇಯೆ ಇಯೆ' ಎಂದು ಬರೆಯುವುದಿಲ್ಲ, ಅದು ಬಾಯಿಮಾತಿನದು. ಅಲ್ಲಿ "ಒಸೊರೆಇರಿಮಸ್", ಸಂಕೋಚದಿಂದಲೇ ಧನ್ಯವಾದ, ಎಂದು ಒಂದು ಸಾಲು ಬರೆದು ಕೆಲಸದ ವಿಷಯಕ್ಕೆ ಹೋಗುತ್ತೇನೆ.