ಕರೆದದ್ದು ರೋಲಿಂಗ್ ಮಿಲ್‌ಗೆ, ಸೇರಿದ್ದು ಇನ್‌ಸ್ಟ್ರುಮೆಂಟೇಷನ್‌ಗೆ: ನನ್ನ ಅನುಭವ

ಜಾಹೀರಾತು ಒಂದು ವಿಭಾಗಕ್ಕೆ ಬಂದಿರುವಾಗ ಇನ್ನೊಂದು ವಿಭಾಗದಲ್ಲಿ ಕೆಲಸ ಕೇಳುತ್ತೇನೆ ಎಂದಾಗ ಗಿಣಿಗೇರಾದ ನಮ್ಮ ಪಾಳಿಯವರೆಲ್ಲ ನಕ್ಕಿದ್ದರು. ಈಗ ಅವರಲ್ಲಿ ಮೂವರು, ಆ ಕೆಲಸ ಕೇಳಿ ನಾನು ಬರೆದ ಪತ್ರದ ಪ್ರತಿ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸ್ಪಂಜ್ ಐರನ್ ಕಿಲ್ನ್‌ನಲ್ಲಿ ಆರು ವರ್ಷ ಇನ್‌ಸ್ಟ್ರುಮೆಂಟ್ ಕೆಲಸ, ಅಂದರೆ ಉಷ್ಣತೆ ಅಳೆಯುವ ಥರ್ಮೋಕಪಲ್‌ನಂಥ ಉಪಕರಣಗಳ ಕೆಲಸ, ಮಾಡಿದವನು. ಬಳ್ಳಾರಿ ಜಿಲ್ಲೆಯ ಒಂದು ಉಕ್ಕಿನ ಕಾರ್ಖಾನೆ (ಹೆಸರು ಬೇಡ) ರೋಲಿಂಗ್ ಮಿಲ್ ನಿರ್ವಹಣೆಗೆ ಜನರನ್ನು ಕರೆದಿತ್ತು. ಮಿಲ್ ನನಗೆ ಹೊಸದು, ಆದರೂ ಒಳಗೆ ಹೋದರೆ ಸಾಕೆಂದು ಅರ್ಜಿ ತುಂಬಿದೆ. ಅದೇ ಮೊದಲ ತಪ್ಪು. ಎರಡು ವಾರದ ನಂತರ ಪಾಲಿಟೆಕ್ನಿಕ್‌ನಲ್ಲಿ ನನಗಿಂತ ಎರಡು ವರ್ಷ ಹಿರಿಯರಾಗಿದ್ದ, ಈಗ ಅಲ್ಲಿಯೇ ಇರುವ ಅಣ್ಣನಿಗೆ ಹೇಳಿದೆ. ಅವರು ರೆಫರಲ್, ಅಂದರೆ ಒಳಗಿನ ನೌಕರನ ಶಿಫಾರಸು, ಹಾಕಲು ಹೋದರೆ ಗಣಕ ಒಪ್ಪಲಿಲ್ಲ. ನನ್ನ ಮೊಬೈಲ್ ಸಂಖ್ಯೆ ಆಗಲೇ ಆ ಹುದ್ದೆಯ ಕಡತದಲ್ಲಿತ್ತು. ಮಿಲ್‌ನವರು ನನ್ನ ಅರ್ಜಿ ತಿರಸ್ಕರಿಸಿದರು, ಆರು ತಿಂಗಳು ಬಾಗಿಲು ಮುಚ್ಚಿತು. ರೆಫರಲ್‌ಗೆಂದು ಅಣ್ಣನಿಗೆ ಬರಬಹುದಾಗಿದ್ದ ಸುಮಾರು ಹದಿನೈದು ಸಾವಿರದ ಬಹುಮಾನವೂ ಹೋಯಿತು.

ಆ ಆರು ತಿಂಗಳಲ್ಲಿ ಹೊಸಪೇಟೆಯ ಒಬ್ಬ ಏಜೆಂಟನಿಗೆ ಆರು ಸಾವಿರ ಕೊಟ್ಟೆ. ಅವನು ನನ್ನ ಬಯೋಡೇಟಾವನ್ನು ಮತ್ತೆ ಅದೇ ಮಿಲ್‌ಗೆ ಕಳಿಸಿದ. ಆ ದುಡ್ಡಿನ ಮಾತು ಇಲ್ಲಿಗೆ ಬಿಡೋಣ.

ಬಾಗಿಲು ತೆರೆಯುವ ಹೊತ್ತಿಗೆ ಅದೇ ಮಿಲ್‌ನ ಜಾಹೀರಾತು ಮತ್ತೆ ಬಂತು. ಈ ಸಲ ಅರ್ಜಿ ಹಾಕಲಿಲ್ಲ. ಏಜೆಂಟ್ ತುಂಬಿದ್ದ ಹಳೆಯ ಅರ್ಜಿಯನ್ನೂ ನಾನೇ ಲಾಗಿನ್ ಆಗಿ ಹಿಂಪಡೆದೆ. ಅಣ್ಣ ಹೇಳಿದರು: "ತಮ್ಮಾ, ಎಚ್‌ಆರ್‌ನವರಿಗೆ ನಾನು ಹೇಳಿದರೆ ಅವರು ಎದುರಿಗಿರುವ ಹುದ್ದೆಗೇ ನಿನ್ನನ್ನು ತುರುಕುತ್ತಾರೆ. ನಿನಗೆ ಯಾವ ವಿಭಾಗ ಬೇಕು ಎಂಬುದನ್ನು ಮೊದಲು ಹೇಳು."

ನಾನು ಮೊದಲು "ಯಾವುದಾದರೂ ಸರಿ ಅಣ್ಣಾ" ಎಂದಿದ್ದೆ. ಹಾಗೆ ಹೇಳಿದರೆ ಒಳಗಿನವರಿಗೆ ಯಾರ ಬಾಗಿಲು ತಟ್ಟಬೇಕೆಂದೇ ತಿಳಿಯುವುದಿಲ್ಲ. ಹೀಗಾಗಿ ಒಂದೇ ಹೆಸರು ಕೊಟ್ಟೆ, ಸ್ಪಂಜ್ ಐರನ್ ತಯಾರಿಸುವ ಡಿಆರ್‌ಐ ಘಟಕದ ಇನ್‌ಸ್ಟ್ರುಮೆಂಟೇಷನ್. ಅಲ್ಲಿ ಜಾಗ ಖಾಲಿಯಾಗಲಿದೆ ಎಂದು ನನಗೆ ಗೊತ್ತಾದದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ನಾಲ್ಕು ಪುಟದ ಬಯೋಡೇಟಾ ಬಿಟ್ಟು, ಅಣ್ಣ ಒಂದಕ್ಷರವೂ ಬದಲಿಸದೆ ಆ ವಿಭಾಗದ ಮುಖ್ಯಸ್ಥರಿಗೆ ಮುಂದೆ ಕಳಿಸಬಹುದಾದ ಐದು ಸಾಲು ಬರೆದುಕೊಟ್ಟೆ. ಅದರಲ್ಲಿ ಬರುವ ಸ್ಲಿಪ್ ರಿಂಗ್ ಎಂದರೆ ತಿರುಗುವ ಕಿಲ್ನ್‌ನಿಂದ ಥರ್ಮೋಕಪಲ್‌ನ ಸಂಕೇತ ಹೊರಗೆ ತರುವ ಬಳೆ, ಅಕ್ರಿಷನ್ ಎಂದರೆ ಕಿಲ್ನ್ ಒಳಗೆ ಕಟ್ಟುವ ಗಟ್ಟಿ ಪದರ. ಪತ್ರದ ತಿರುಳು ಇಷ್ಟು: "ಎರಡು ಕಿಲ್ನ್‌ಗಳ ಥರ್ಮೋಕಪಲ್ ಮತ್ತು ಸ್ಲಿಪ್ ರಿಂಗ್ ಆರು ವರ್ಷ ನೋಡಿಕೊಂಡಿದ್ದೇನೆ. ಥರ್ಮೋಕಪಲ್ ಮೇಲೆ ಅಕ್ರಿಷನ್ ಕಟ್ಟಿದಾಗ ಪರದೆಯಲ್ಲಿ ಉಷ್ಣತೆ ಕಡಿಮೆ ಕಾಣುತ್ತದೆ, ಪಾಳಿಯವರು ಗಾಳಿ ಹೆಚ್ಚಿಸುತ್ತಾರೆ, ಒಳಗೆ ಇನ್ನಷ್ಟು ಕಟ್ಟುತ್ತದೆ. ಅಕ್ಕಪಕ್ಕದ ಎರಡು ಬಿಂದುಗಳ ವ್ಯತ್ಯಾಸದ ಮೇಲೆ ಎಚ್ಚರಿಕೆ ಗಂಟೆ ಇಟ್ಟು ಇದನ್ನು ಬೇಗ ಹಿಡಿದಿದ್ದೇನೆ. ರೋಲಿಂಗ್ ಮಿಲ್ ಅರ್ಜಿ ಹಿಂಪಡೆದಿದ್ದೇನೆ. ಜಾಗ ಇಲ್ಲದಿದ್ದರೆ ಇಲ್ಲ ಎಂದರೂ ಸಾಕು." ಕೊನೆಯ ಸಾಲು ದಾಕ್ಷಿಣ್ಯಕ್ಕೆ ಬರೆದದ್ದಲ್ಲ. ಇಲ್ಲ ಎನ್ನಲು ದಾರಿ ಇದ್ದರೆ ಮುಖ್ಯಸ್ಥರು ಉತ್ತರವನ್ನಾದರೂ ಕೊಡುತ್ತಾರೆ.

ಮೊದಲ ಸಲ ಉತ್ತರ ಬರಲಿಲ್ಲ. ಆಮೇಲೆ ತಿಳಿಯಿತು, ಅವರ ಘಟಕ ಶಟ್‌ಡೌನ್‌ನಲ್ಲಿತ್ತು. ಮೂರು ವಾರ ಬಿಟ್ಟು ಅಣ್ಣ ಮತ್ತೆ ಕಳಿಸಿದರು. ಈ ನಡುವೆ ತಾಳ್ಮೆ ಕೆಟ್ಟು, ಅಲ್ಲಿಯೇ ಇರುವ ಇನ್ನೊಬ್ಬ ಪರಿಚಯದವರಿಗೂ ಹೇಳಿದ್ದೆ. ಅವರು ನೇರ ಎಚ್‌ಆರ್‌ಗೆ ಕಳಿಸಿ, ನನ್ನ ಹೆಸರು ಮತ್ತೆ ಮಿಲ್‌ಗೆ ಅಂಟಿಕೊಳ್ಳುವುದರಲ್ಲಿತ್ತು. ಫೋನ್ ಮಾಡಿ ತಡೆಯುವಷ್ಟರಲ್ಲಿ ಸಾಕುಸಾಕಾಯಿತು. ಒಂದೇ ಸಮಯಕ್ಕೆ ಇಬ್ಬರನ್ನು ಕೇಳಬೇಡಿ.

ಮುಖ್ಯಸ್ಥರು ಫೋನಿನಲ್ಲಿ ಹತ್ತು ನಿಮಿಷ ಸ್ಲಿಪ್ ರಿಂಗ್ ವಿಷಯವನ್ನೇ ಕೇಳಿದರು. ನಂತರ ಅವರೇ ಎಚ್‌ಆರ್‌ಗೆ ತಮ್ಮ ಖಾಲಿ ಹುದ್ದೆಯ ಸಂಖ್ಯೆ ಕೊಟ್ಟು ನನ್ನ ಹೆಸರು ಸೇರಿಸಲು ಹೇಳಿದರು. ಆ ಸಂಖ್ಯೆ ಸಿಕ್ಕ ಮೇಲೆಯೇ ಅಣ್ಣ ರೆಫರಲ್ ಹಾಕಿದರು. ಈ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು, ರೆಫರಲ್ ಹಾಕಿದ ಮೇಲೆ ನಮಗೆ ಮೇಲ್‌ನಲ್ಲಿ ಬರುವ ಕೊಂಡಿಯೊಳಗಿನ ಹುದ್ದೆ ಸಂಖ್ಯೆ ನೋಡಬೇಕು. ಅದು ಜಾಹೀರಾತಿನದ್ದೇ ಆಗಿದ್ದರೆ ಏನನ್ನೂ ತುಂಬದೆ ಅಣ್ಣನಿಗೆ ಫೋನ್ ಮಾಡಬೇಕು. ನನಗೆ ಮೊದಲು ಬಂದದ್ದು ಮಿಲ್‌ನ ಸಂಖ್ಯೆಯೇ! ಎರಡನೆಯ ಮೇಲ್‌ನಲ್ಲಿ ಸರಿಹೋಯಿತು.

ಎರಡು ಸಂದರ್ಶನಕ್ಕೆ ಎರಡು ದಿನದ ಕೂಲಿ, ಕೊಪ್ಪಳದಿಂದ ಬಸ್ಸು, ಊಟ ಎಲ್ಲ ಸೇರಿ ಮೂರು ಸಾವಿರ ಆಗಿರಬಹುದು. ಒಂದು ಕೊರತೆಯೂ ಇದೆ. ಆ ಖಾಲಿ ಜಾಗ ಮಿಲ್ ಹುದ್ದೆಗಿಂತ ಒಂದು ದರ್ಜೆ ಕೆಳಗಿನದು. ಜಾಹೀರಾತಿನಲ್ಲಿದ್ದ ಸಂಬಳಕ್ಕಿಂತ ತಿಂಗಳಿಗೆ ಸುಮಾರು ಮೂರು ಸಾವಿರ ಕಡಿಮೆ, ಹಳೆಯದಕ್ಕಿಂತ ಒಂಬತ್ತು ಸಾವಿರ ಹೆಚ್ಚು. ಅಣ್ಣನ ಬಹುಮಾನ ನಾನು ಆರು ತಿಂಗಳು ಪೂರೈಸಿದ ಮೇಲೆ ಬಂತು, ತೆರಿಗೆ ಹಿಡಿದುಕೊಂಡು.